ಉಪ್ಪಿಗೆ ಯಾಕೆ ಹಬ್ಬದ ಆಫರ್ ಇಲ್ಲ?

ದಸರಾ ಹತ್ತಿರ ಬಂತು ಅಂದ್ರೆ ಪತ್ರಿಕೆಯಲ್ಲಿ ಸುದ್ದಿ ಹುಡುಕೋದೇ ಕಷ್ಟ. ಮೊದಲ ಪುಟದ ತುಂಬಾ ಮೊಬೈಲ್. ಐದು ಸಾವಿರ ಕಡಿತ, ಹಳೇ ಫೋನ್ ಕೊಟ್ಟರೆ ಇನ್ನೆರಡು ಸಾವಿರ, ಬಡ್ಡಿ ಇಲ್ಲದ ಕಂತು. ಉಪ್ಪಿಗೆ ಮಾತ್ರ ಈ ಭಾಗ್ಯ ಇಲ್ಲ. 'ರಾತ್ರಿ ಹನ್ನೆರಡಕ್ಕೆ ಸೇಲ್ ಶುರು, ಮೊದಲ ನೂರು ಜನರಿಗೆ ಕಲ್ಲುಪ್ಪು ಅರ್ಧ ಬೆಲೆಗೆ' ಅಂತ ಯಾರೂ ಜಾಹೀರಾತು ಕೊಡೋದಿಲ್ಲ.

ಕೊಟ್ಟರೂ ಏನು ಪ್ರಯೋಜನ? ಉಪ್ಪು ಅಗ್ಗವಾಯ್ತು ಅಂತ ಸಾರಿಗೆ ಎರಡು ಪಟ್ಟು ಹಾಕಿದರೆ ಮನೆಯವರು ತಟ್ಟೆ ಬಿಟ್ಟು ಏಳುತ್ತಾರೆ. ದುಬಾರಿಯಾಯ್ತು ಅಂತ ಸಪ್ಪೆ ಸಾರು ಮಾಡಿದರೂ ಅದೇ ಗತಿ. ಪಿಯುಸಿ ಪುಸ್ತಕದಲ್ಲಿ ಇದಕ್ಕೆ 'ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ' ಅಂತ ಹೆಸರಿದೆ. ಹೆಸರು ಭಾರ, ವಿಷಯ ಹಗುರ. ಬೆಲೆ ಶೇಕಡಾ ಇಷ್ಟು ಏರಿದರೆ ಜನ ಕೊಳ್ಳೋದು ಶೇಕಡಾ ಎಷ್ಟು ಕಮ್ಮಿ ಆಗುತ್ತೆ ಅನ್ನೋ ಲೆಕ್ಕ, ಅಷ್ಟೇ.

ಸುಮ್ನೆ ಊಹೆ ಮಾಡಿ. ಒಂದು ಊರಲ್ಲಿ ತಿಂಗಳಿಗೆ 1,000 ಪ್ಯಾಕೆಟ್ ಉಪ್ಪು ಖರ್ಚಾಗುತ್ತೆ, ಪ್ಯಾಕೆಟ್ಟಿಗೆ 20 ರೂಪಾಯಿ. ಒಟ್ಟು 20,000. ಎಲ್ಲ ಕಂಪನಿಯವರೂ ಕೂಡಿ ಬೆಲೆಯನ್ನು 25ಕ್ಕೆ ಏರಿಸಿದರು ಅಂದುಕೊಳ್ಳಿ. ಅಂದ್ರೆ ಶೇ 25 ಏರಿಕೆ. ಜನ ಬೈದುಕೊಂಡೇ 980 ಪ್ಯಾಕೆಟ್ ಒಯ್ಯುತ್ತಾರೆ. ಕಮ್ಮಿಯಾಗಿದ್ದು ಶೇ 2. ಎರಡನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.08. ವ್ಯಾಪಾರ ಮಾತ್ರ 24,500ಕ್ಕೆ ಏರಿತು.

ಅದೇ ಊರಲ್ಲಿ ತಿಂಗಳಿಗೆ 15,000 ರೂಪಾಯಿಯ 100 ಫೋನ್ ಮಾರಾಟ ಆಗುತ್ತವೆ ಅನ್ನೋಣ. ಒಟ್ಟು 15 ಲಕ್ಷ. ಬೆಲೆ ಶೇ 10 ಏರಿ 16,500 ಆಯ್ತು. ಇಪ್ಪತ್ತು ಜನ ಹಿಂದೆ ಸರಿದರು. ಇಪ್ಪತ್ತನ್ನು ಹತ್ತರಿಂದ ಭಾಗಿಸಿ: 2. ವ್ಯಾಪಾರ 13,20,000ಕ್ಕೆ ಇಳಿಯಿತು. ಈ ಅಂಕಿ 1ಕ್ಕಿಂತ ಕಮ್ಮಿ ಇದ್ದರೆ ಬೆಲೆ ಏರಿಸಿದವನಿಗೆ ಹೆಚ್ಚು ದುಡ್ಡು. 1ಕ್ಕಿಂತ ಜಾಸ್ತಿ ಇದ್ದರೆ ಬೆಲೆ ಇಳಿಸಿದವನಿಗೆ. ಆಫರ್ ಯಾರ ಪಾಲಿಗೆ ಅಂತ ತೀರ್ಮಾನ ಮಾಡೋದು ಕಂಪನಿಯ ಔದಾರ್ಯ ಅಲ್ಲ, ಈ ಅಂಕಿ.

ಆ ಇಪ್ಪತ್ತು ಜನ ಎಲ್ಲಿಗೆ ಹೋದರು? ಎಲ್ಲಿಗೂ ಇಲ್ಲ. ಅವರ ಜೇಬಿನಲ್ಲಿ ಆಗಲೇ ಒಂದು ಫೋನ್ ಇದೆ. ಗಾಜು ಜೇಡರ ಬಲೆ ಆಗಿದೆ, ಚಾರ್ಜರ್ ಪಿನ್ನನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತೆ, ಆದರೂ ಇನ್ನಾರು ತಿಂಗಳು ಓಡುತ್ತೆ. ಕೆಲವರು ಬೇರೆ ಕಂಪನಿಯದು ನೋಡುತ್ತಾರೆ, ಕೆಲವರು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುತ್ತಾರೆ. ಹದಿನೈದು ಸಾವಿರ ಅಂದ್ರೆ ಎಷ್ಟೋ ಜನಕ್ಕೆ ಒಂದು ತಿಂಗಳ ಸಂಬಳ. ಯೋಚನೆ ಮಾಡದೆ ಇರೋಕಾಗುತ್ತಾ? ಉಪ್ಪಿನ ವಿಷಯದಲ್ಲಿ ಈ ಯಾವ ದಾರಿಯೂ ಇಲ್ಲ. ಮುಂದೂಡೋಕಾಗಲ್ಲ, ಬದಲಿಗೆ ಸಕ್ಕರೆ ಹಾಕೋಕಾಗಲ್ಲ. ತಿಂಗಳ ಖರ್ಚಿನಲ್ಲಿ ಅದರ ಪಾಲು ಎಷ್ಟು ಸಣ್ಣದು ಅಂದ್ರೆ ಲೆಕ್ಕ ಬರೆಯುವವರೂ ಅದನ್ನು 'ಇತರೆ'ಗೆ ಸೇರಿಸುತ್ತಾರೆ.

ಇದನ್ನೆಲ್ಲ ಪುಸ್ತಕ ಓದದೆ ಅರ್ಥ ಮಾಡಿಕೊಂಡವರು ಬ್ರಿಟಿಷರು. ಫ್ರಾಂಕ್ ರಾಮ್ಸೆ ಅನ್ನೋ ಕೇಂಬ್ರಿಡ್ಜಿನ ಹುಡುಗ 1927ರಲ್ಲಿ ತೆರಿಗೆ ಬಗ್ಗೆ ಒಂದು ಲೇಖನ ಬರೆದ. ಬೆಲೆ ಏರಿದರೂ ಜನ ಬಿಡದ ವಸ್ತುವಿನ ಮೇಲೆ ಹೆಚ್ಚು ತೆರಿಗೆ ಹಾಕಿದರೆ ಮಾರುಕಟ್ಟೆ ಕೆಡೋದು ಕಮ್ಮಿ ಅನ್ನೋದು ಅದರಿಂದ ಹೊರಟ ಸೂತ್ರ. ಲೆಕ್ಕ ಸರಿಯಾಗೇ ಇದೆ. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲು, 1923ರಲ್ಲೇ, ವೈಸ್‌ರಾಯ್ ರೀಡಿಂಗ್ ಸಾಹೇಬರು ಉಪ್ಪಿನ ಸುಂಕವನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆಗೆ ಏರಿಸಿದ್ದರು. ಆ ಮಣ ಅಂದ್ರೆ ಸುಮಾರು 37 ಕಿಲೋ. ಶಾಸನಸಭೆ ಬೇಡ ಅಂದಿತು. ಸಾಹೇಬರು ತಮ್ಮ ವಿಶೇಷ ಅಧಿಕಾರ ಬಳಸಿ ಆಗಲಿ ಅಂದರು. ಮರುವರ್ಷ ಹಳೇ ದರಕ್ಕೇ ಇಳಿಸಬೇಕಾಯಿತು.

ರಾಮ್ಸೆಯ ಸೂತ್ರದಲ್ಲಿ ಒಂದು ಸಣ್ಣ ತೊಂದರೆ. ಅದಕ್ಕೆ ಹೊಟ್ಟೆ ಕಾಣೋದಿಲ್ಲ. ಜಮೀನ್ದಾರನೂ ಕೂಲಿಯವನೂ ತಿನ್ನೋ ಉಪ್ಪು ಹೆಚ್ಚುಕಮ್ಮಿ ಒಂದೇ. ಸುಂಕವೂ ಒಂದೇ, ಸಂಬಳ ಮಾತ್ರ ಬೇರೆ. ಗೋಖಲೆ 1902ರ ಬಜೆಟ್ ಭಾಷಣದಲ್ಲೇ ಇದನ್ನು ಎತ್ತಿದ್ದರು. 1930ರಲ್ಲಿ ನಮ್ಮ ಅಂಕೋಲೆಯವರು ಭಾಷಣಕ್ಕೆ ಕಾಯದೆ ಸೀದಾ ಉಪ್ಪನ್ನೇ ಮಾಡಿದರು. ಈಗ ಪ್ಯಾಕೆಟ್ ಉಪ್ಪಿಗೆ ಜಿಎಸ್‌ಟಿ ಸೊನ್ನೆ, ಫೋನಿಗೆ ಶೇ 18. ಸೂತ್ರದ ಪ್ರಕಾರ ಇದು ಪೂರ್ತಿ ತಲೆಕೆಳಗು. ನನಗಂತೂ ಇದೇ ಸರಿ ಅನ್ಸುತ್ತೆ.

ಇನ್ನು ಟಿವಿ ಪಂಡಿತರ ಸಂಗತಿ. ಅವರಿಗೆ ಎರಡು ಘಟನೆ ಕೊಟ್ಟು ಉಪ್ಪಿನ ಅಂಕಿ ಎಷ್ಟು, ಫೋನಿನ ಅಂಕಿ ಎಷ್ಟು ಅಂತ ಕೇಳಿ, ಮಜಾ ಇದೆ.

ಮೊದಲನೇದು 2016ರ ನವೆಂಬರ್. ನೋಟು ರದ್ದಾಗಿ ಮೂರು ದಿನ ಆಗಿತ್ತು. ಉಪ್ಪು ಮುಗೀತಂತೆ ಅಂತ ಉತ್ತರ ಪ್ರದೇಶ, ದೆಹಲಿ ಕಡೆ ಗಾಳಿಸುದ್ದಿ ಎದ್ದಿತು. ಕೆಲವು ಕಡೆ ಕಿಲೋ 200 ದಾಟಿತು. ಮೂರು ಕಡೆ ಸಮುದ್ರ ಇರೋ ದೇಶದಲ್ಲಿ ಉಪ್ಪು ಮುಗಿಯೋದು ಹೇಗೆ ಅಂತ ಯಾರೂ ಕೇಳಲಿಲ್ಲ. ಕೊರತೆಯೇ ಇಲ್ಲ ಅಂತ ಕೇಂದ್ರ ಸರ್ಕಾರ ಹೇಳಿತು. ಅಷ್ಟರಲ್ಲಿ ಜನ ಎಟಿಎಂ ಸಾಲು ಬಿಟ್ಟು ಕಿರಾಣಿ ಸಾಲಿಗೆ ನಿಂತು, ಸಿಕ್ಕಷ್ಟು ಪ್ಯಾಕೆಟ್ ಹೊತ್ತುಕೊಂಡು ಮನೆಗೆ ಹೋದರು. ಬೆಲೆ ಹತ್ತು ಪಟ್ಟು ಏರಿತು, ಕೊಳ್ಳೋದೂ ಏರಿತು! ಪಂಡಿತರ ಪ್ರಕಾರ ಇನ್ನು ಉಪ್ಪು ಮಾರಬೇಕು ಅಂದ್ರೆ ಬೆಲೆ ಏರಿಸಬೇಕು.

ಎರಡನೇದು 2020ರ ಏಪ್ರಿಲ್ 1. ಅವತ್ತಿಂದ ಮೊಬೈಲ್ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ತೆರಿಗೆ ಪೂರ್ತಿ ಗಿರಾಕಿಯ ಮೇಲೆ ಬಿದ್ದರೂ ಬೆಲೆ ಏರೋದು ಶೇ 5.4ರಷ್ಟು, ಯಾಕಂದ್ರೆ 112 ರೂಪಾಯಿಯ ಮಾಲು 118 ಆಯ್ತು, ಅಷ್ಟೇ. ಆದರೆ ಆ ತಿಂಗಳು ಮಾರಾಟ ನೆಲ ಕಚ್ಚಿತು. ಶೇ 5.4 ಏರಿದ್ದಕ್ಕೆ ಶೇ 100 ಇಳಿಕೆ ಅಂತ ಬರೆದುಕೊಂಡರೆ ಅಂಕಿ ಹದಿನೆಂಟು ದಾಟುತ್ತೆ. ಅಬ್ಬಾ, ಎಷ್ಟು ಸೂಕ್ಷ್ಮ ಗಿರಾಕಿಗಳು! ಅಂಗಡಿಗಳಿಗೆ ಬೀಗ ಬಿದ್ದಿತ್ತು, ಲಾಕ್‌ಡೌನ್ ಇತ್ತು ಅನ್ನೋದು ಸಣ್ಣ ವಿವರ, ಬಿಡಿ.

ಎರಡರಲ್ಲೂ ಜನರನ್ನು ಓಡಿಸಿದ್ದು, ತಡೆದದ್ದು ಬೆಲೆ ಅಲ್ಲ. ಒಂದು ಕಡೆ ನಾಳೆ ಸಿಗಲ್ಲ ಅನ್ನೋ ಭಯ, ಇನ್ನೊಂದು ಕಡೆ ಪೊಲೀಸರ ಲಾಠಿ. ಈ ಲೆಕ್ಕ ಮಾಡಬೇಕಾದ್ರೆ ಆದಾಯ, ಭಯ, ಹವಾಮಾನ, ಪಕ್ಕದ ಅಂಗಡಿ ಎಲ್ಲ ಇದ್ದಂಗೇ ಇದ್ದು, ಬೆಲೆ ಒಂದೇ ಬದಲಾಗಬೇಕು. ನಮ್ಮ ದೇಶದಲ್ಲಿ ಒಂದೇ ಒಂದು ಸಂಗತಿ ಬದಲಾದ ದಿನ ಯಾವುದು ಅಂತ ಹುಡುಕೋದೇ ಅರ್ಥಶಾಸ್ತ್ರಜ್ಞರ ಅರ್ಧ ಕೆಲಸ.

ಹಾಗಾದ್ರೆ ಉಪ್ಪು ಮಾರುವವನು ರಾಜನೇ ಅಲ್ವಾ, ಎಷ್ಟು ಬೇಕಾದ್ರೂ ಏರಿಸಬಹುದಲ್ಲ ಅಂತ ನಮ್ಮ ಬೀದಿಯ ಕಿರಾಣಿ ಅಂಗಡಿಯವರನ್ನು ಕೇಳಿದೆ. ಅವರು ಕಲ್ಲುಪ್ಪು ಚೀಲದಿಂದ ತೂಗಿ ಕೊಡುತ್ತಾರೆ, ಎಂಆರ್‌ಪಿ ಹಂಗಿಲ್ಲ.

"ಎಲ್ರೂ ಏರಿಸಿದ್ರೆ ಸರಿ ಸಾರ್. ನಾನೊಬ್ನೇ ಎರಡು ರೂಪಾಯಿ ಜಾಸ್ತಿ ಮಾಡಿದ್ರೆ ನಾಳೆಯಿಂದ ಉಪ್ಪೂ ಎದುರಂಗಡೀಲಿ, ಅಕ್ಕಿ ಬೇಳೆನೂ ಅಲ್ಲೇ."

ಊರಿಗೆಲ್ಲ ಸೇರಿ ಉಪ್ಪಿನ ಬೇಡಿಕೆ ಅಲುಗಾಡಲ್ಲ. ಒಬ್ಬನ ಅಂಗಡಿಯ ಉಪ್ಪಿನ ಬೇಡಿಕೆ ರಸ್ತೆ ದಾಟುತ್ತೆ. ಪಂಡಿತರು ಮರೆಯೋದು ಇದನ್ನೇ.

"ಮತ್ತೆ ಲಾಭ ಹೇಗೆ?" ಅಂದೆ.

"ಉಪ್ಪಿನ ರೇಟು ಎಲ್ರಿಗೂ ಬಾಯಿಪಾಠ. ಜೀರಿಗೆ ರೇಟು ಯಾರಿಗೆ ಗೊತ್ತು ಹೇಳಿ?" ಅಂತ ನೂರು ಗ್ರಾಂ ಜೀರಿಗೆ ಕಟ್ಟಿಕೊಟ್ಟರು.