ವಾರದ ಆಪ್ಶನ್ ಅಗ್ಗ ಎನ್ನುವವರು ಯಾವುದರ ಬೆಲೆಯನ್ನು ನೋಡುತ್ತಿದ್ದಾರೆ?

ಇಂದು ಬೆಳಿಗ್ಗೆ ಭಾಮೈದನ ಒತ್ತಾಯಕ್ಕೆ ಜಯನಗರದಲ್ಲಿ ನಡೆದ ಒಂದು ಆಪ್ಶನ್ ತರಬೇತಿಗೆ ಹೋಗಿದ್ದೆ. ಮನೆಗೆ ಬಂದು ಬಹಳ ಹೊತ್ತಾದರೂ ಸಿಟ್ಟು ಇಳಿದಿಲ್ಲ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ತರಬೇತುದಾರರು ಪರದೆಯ ಮೇಲೆ ನಿಫ್ಟಿಯ ಒಂದೇ ಸ್ಟ್ರೈಕ್‌ನ ಎರಡು ಕಾಲ್ ಆಪ್ಶನ್‌ಗಳನ್ನು ತೋರಿಸಿದರು. ವಾರದ ಎಕ್ಸ್‌ಪೈರಿಯದ್ದು ಸುಮಾರು 140 ರೂಪಾಯಿ, ತಿಂಗಳ ಎಕ್ಸ್‌ಪೈರಿಯದ್ದು ಸುಮಾರು 319. "ಬಂಡವಾಳ ಕಡಿಮೆ ಇರುವವರು ಅಗ್ಗದ್ದನ್ನೇ ಕೊಳ್ಳಬೇಕು" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗಿಬಿಟ್ಟರು. ಪಕ್ಕದಲ್ಲಿದ್ದ ಭಾಮೈದ ನನ್ನ ಕಿವಿಯಲ್ಲಿ, "ಭಾವ, ಅದೇ ದುಡ್ಡಿಗೆ ಎರಡು ಲಾಟ್ ಬರುತ್ತಲ್ವಾ?" ಎಂದ. ಅಲ್ಲಿ ಕುಳಿತಿದ್ದವರಲ್ಲಿ ಹೆಚ್ಚಿನವರ ತಲೆಯಲ್ಲಿ ಅದೇ ಲೆಕ್ಕ ಓಡುತ್ತಿದ್ದಿರಬೇಕು.

ನಾನು ದಿಕ್ಕಿನ ಅಂದಾಜಿನ ಮೇಲೆ ಆಪ್ಶನ್ ಕೊಳ್ಳುವವನೇ ಹೊರತು ಮಾರುವವನಲ್ಲ. ಹಾಗಾಗಿ ಥೀಟಾ ಎಂದರೆ ನನಗೆ ಪುಸ್ತಕದ ಅಕ್ಷರವಲ್ಲ, ದಿನವೂ ಕೈಬಿಟ್ಟು ಹೋಗುವ ಹಣ. ವಾರದ ಆಪ್ಶನ್ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಅದನ್ನು ಅಗ್ಗವೆಂಬ ಕಾರಣಕ್ಕೆ ಕೊಳ್ಳಬಾರದು ಎನ್ನುತ್ತಿದ್ದೇನೆ, ಏಕೆಂದರೆ ಅದು ಅಗ್ಗವೇ ಅಲ್ಲ.

ತರಬೇತುದಾರರ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಗುರುವಾರ ಬೆಳಿಗ್ಗೆ ನಿಫ್ಟಿ 25,000ದಲ್ಲಿದೆ, ಕೊಳ್ಳುವುದು 25,000ದ ಕಾಲ್. ನಿಫ್ಟಿಯ ಎಕ್ಸ್‌ಪೈರಿ 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿರುವುದರಿಂದ ವಾರದ ಆಪ್ಶನ್‌ಗೆ ಉಳಿದಿರುವುದು 5 ದಿನ, ತಿಂಗಳದ್ದಕ್ಕೆ 26 ದಿನ ಎಂದುಕೊಳ್ಳಿ. ಇಂಪ್ಲೈಡ್ ವೊಲಾಟಿಲಿಟಿ ಎರಡಕ್ಕೂ ಶೇಕಡಾ 12 ಎಂದಿಟ್ಟು, ಬಡ್ಡಿಯನ್ನು ಬದಿಗಿಟ್ಟು ಬ್ಲ್ಯಾಕ್-ಶೋಲ್ಸ್ ಸೂತ್ರ ಹಾಕಿದರೆ ಹೆಚ್ಚುಕಡಿಮೆ ಇವೇ 140 ಮತ್ತು 319 ಸಿಗುತ್ತವೆ. ಮುಂದಿನ ಲೆಕ್ಕಗಳೆಲ್ಲ ಇದೇ ಸೂತ್ರದಿಂದ ಬಂದ ಅಂದಾಜುಗಳು.

ಮೊದಲು ಗಮನಿಸಬೇಕಾದದ್ದು, ಈ ಎರಡೂ ಆಪ್ಶನ್‌ಗಳ ಡೆಲ್ಟಾ ಅರ್ಧದ ಆಸುಪಾಸಿನಲ್ಲಿಯೇ ಇದೆ ಎಂಬುದನ್ನು. ನಿಫ್ಟಿ ಒಂದು ಪಾಯಿಂಟ್ ಏರಿದರೆ ಎರಡೂ ಸುಮಾರು ಅರ್ಧ ರೂಪಾಯಿ ಏರುತ್ತವೆ, ಇಳಿದರೆ ಅಷ್ಟೇ ಇಳಿಯುತ್ತವೆ. ಕೊಂಡ ದಿನವೇ ನಿಫ್ಟಿ 100 ಪಾಯಿಂಟ್ ಬಿದ್ದು ನೀವು ಹೊರಬಂದರೆ ವಾರದ್ದರಲ್ಲಿ ಕಳೆದುಕೊಳ್ಳುವುದು ಸುಮಾರು 45 ರೂಪಾಯಿ, ತಿಂಗಳದ್ದರಲ್ಲಿ ಸುಮಾರು 48. ಒಂದು ಲಾಟ್‌ಗೆ 65ರ ಲೆಕ್ಕದಲ್ಲಿ ಇದು ಮೂರು ಸಾವಿರದ ಆಸುಪಾಸು. ಅಂದರೆ ಸ್ಟಾಪ್‌ಲಾಸ್ ಇಟ್ಟು ವ್ಯವಹರಿಸುವವನಿಗೆ ತಿಂಗಳ ಆಪ್ಶನ್‌ಗೆ ಕಟ್ಟಿದ 20,735 ರೂಪಾಯಿ ಅಷ್ಟೂ ಅಪಾಯದಲ್ಲಿರುವ ಹಣವಲ್ಲ. ಒಂದು ಲಾಟ್‌ಗೆ ಒಂದು ಲಾಟ್ ಹೋಲಿಸಿದರೆ ದಿಕ್ಕಿನ ಪಂದ್ಯ ಎರಡರಲ್ಲೂ ಒಂದೇ. ಕೊಟ್ಟ ಹೆಚ್ಚಿನ ಹಣದಿಂದ ನೀವು ಕೊಂಡಿರುವುದು ಕಾಲಾವಕಾಶವನ್ನು, ಅದರಲ್ಲಿ ಬಳಸದೆ ಉಳಿದ ಭಾಗವನ್ನು ಮಾರುವಾಗ ವಾಪಸ್ ಪಡೆಯುತ್ತೀರಿ.

ಈಗ ಕಾಲಾವಕಾಶದ ಬಾಡಿಗೆ. ಆಪ್ಶನ್ ಅಟ್-ದ-ಮನಿ ಇರುವಾಗ ಪ್ರೀಮಿಯಂ ಅನ್ನು ಉಳಿದ ದಿನಗಳ ಎರಡರಷ್ಟರಿಂದ ಭಾಗಿಸಿದರೆ ದಿನದ ಥೀಟಾ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ವಾರದ್ದಕ್ಕೆ 140 ಅನ್ನು 10ರಿಂದ ಭಾಗಿಸಿದರೆ ದಿನಕ್ಕೆ 14 ರೂಪಾಯಿ, ತಿಂಗಳದ್ದಕ್ಕೆ 319 ಅನ್ನು 52ರಿಂದ ಭಾಗಿಸಿದರೆ 6 ರೂಪಾಯಿಯ ಮೇಲೆ ಸ್ವಲ್ಪ. ಅಗ್ಗದ್ದು ಎಂದು ಕರೆಸಿಕೊಂಡದ್ದರ ದಿನದ ಬಾಡಿಗೆಯೇ ದುಪ್ಪಟ್ಟಿಗಿಂತ ಹೆಚ್ಚು! ಅದೂ ಮೊದಲ ದಿನದ ದರ ಮಾತ್ರ. ನಿಫ್ಟಿ ಕದಲದಿದ್ದರೆ ಎಕ್ಸ್‌ಪೈರಿ ಹತ್ತಿರವಾದಂತೆ ಈ ದರ ಏರುತ್ತಲೇ ಹೋಗುತ್ತದೆ, ಮತ್ತು ಆ ಐದು ದಿನಗಳಲ್ಲಿ ಎರಡು ದಿನ ಶನಿವಾರ, ಭಾನುವಾರಕ್ಕೇ ಹೋಗುತ್ತವೆ.

ಸೋಮವಾರ ಸಂಜೆಗೆ ಬನ್ನಿ, ನನ್ನ ತಕರಾರು ಅಲ್ಲಿ ಸ್ಪಷ್ಟವಾಗುತ್ತದೆ. ನಿಫ್ಟಿ ಇದ್ದಲ್ಲಿಯೇ ಇದ್ದರೆ ವಾರದ ಆಪ್ಶನ್ 140ರಿಂದ ಸುಮಾರು 63ಕ್ಕೆ ಇಳಿದಿರುತ್ತದೆ, ತಿಂಗಳದ್ದು 319ರಿಂದ 294ಕ್ಕೆ. ಇದು ಎಲ್ಲರಿಗೂ ಅರ್ಥವಾಗುವ ಭಾಗ. ಯಾರೂ ಹೇಳದ ಭಾಗವೆಂದರೆ, ನಿಮ್ಮ ಅಂದಾಜು ಸರಿಯಾಗಿದ್ದು ನಿಫ್ಟಿ 100 ಪಾಯಿಂಟ್ ಏರಿದ್ದರೂ ವಾರದ ಆಪ್ಶನ್ ಸುಮಾರು 125ರಲ್ಲಿ ನಿಂತಿರುತ್ತದೆ. ದಿಕ್ಕು ಸರಿ, ಫಲಿತಾಂಶ ನಷ್ಟ. ಅದೇ ಹೊತ್ತಿಗೆ ತಿಂಗಳ ಆಪ್ಶನ್ 347ರ ಹತ್ತಿರ ಇದ್ದು 28 ರೂಪಾಯಿ ಲಾಭದಲ್ಲಿರುತ್ತದೆ. ಹಾಕಿದ ಹಣವಾದರೂ ಸೋಮವಾರ ಸಂಜೆ ಕೈಗೆ ಬರಬೇಕಾದರೆ ವಾರದ ಆಪ್ಶನ್ ಕೊಂಡವನಿಗೆ ನಿಫ್ಟಿ 120 ಪಾಯಿಂಟ್ ಏರಿರಬೇಕು. ತಿಂಗಳದ್ದನ್ನು ಕೊಂಡವನಿಗೆ 50 ಸಾಕು.

ಇನ್ನು ಭಾಮೈದ ಹೇಳಿದ ಎರಡು ಲಾಟ್‌ಗಳ ವಿಷಯ. ವಾರದ ಆಪ್ಶನ್‌ನ ಎರಡು ಲಾಟ್‌ಗೆ 18,200 ರೂಪಾಯಿ, ತಿಂಗಳದ್ದರ ಒಂದು ಲಾಟ್‌ಗಿಂತ ಕಡಿಮೆಯೇ. ನಿಫ್ಟಿ ಸೋಮವಾರದವರೆಗೆ ಸುಮ್ಮನಿದ್ದರೆ ಆ ಎರಡು ಲಾಟ್‌ಗಳಲ್ಲಿ ಹೋಗುವುದು ಸುಮಾರು 10,000 ರೂಪಾಯಿ, ಒಂದು ತಿಂಗಳ ಲಾಟ್‌ನಲ್ಲಿ ಹೋಗುವುದು 1,700ರ ಆಸುಪಾಸು. ಪ್ರೀಮಿಯಂ ಸಮ ಮಾಡಿದಾಗ ಅಪಾಯವೂ ಸಮವಾಯಿತೆಂದು ಭಾವಿಸುವುದರಲ್ಲೇ ಇಡೀ ತಪ್ಪಿದೆ. ತರಗತಿಗೆ ಹಣ ಪಡೆದು ಕಲಿಸುವವರು ಇದೊಂದನ್ನಾದರೂ ಬಿಡಿಸಿ ಹೇಳಬೇಕಿತ್ತು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತಿದೆ: "ಲೆವರೇಜ್ ಅನ್ನು ಮರೆತಿರಿ." ಮರೆತಿಲ್ಲ. ಗುರುವಾರವೇ ನಿಫ್ಟಿ 250 ಪಾಯಿಂಟ್ ಏರಿದರೆ ವಾರದ ಆಪ್ಶನ್ 140ರಿಂದ 300ಕ್ಕೆ ಹೋಗುತ್ತದೆ, ಹಣ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ತಿಂಗಳದ್ದು 461ಕ್ಕೆ ಹೋಗಿ ಶೇಕಡಾ 44ರಷ್ಟು ಲಾಭ ಕೊಡುತ್ತದೆ. ಅದೇ ಏರಿಕೆ ಸೋಮವಾರ ಸಂಜೆ ಬಂದರೂ ಶೇಕಡಾವಾರು ಲೆಕ್ಕದಲ್ಲಿ ವಾರದ್ದೇ ಮುಂದಿರುತ್ತದೆ. ಅದೇ 250 ಪಾಯಿಂಟ್ ಮಂಗಳವಾರದ ಎಕ್ಸ್‌ಪೈರಿ ಕಳೆದು ಬುಧವಾರ ಬೆಳಿಗ್ಗೆ ಬಂದರೆ? ವಾರದ ಆಪ್ಶನ್ ಸೊನ್ನೆಯಾಗಿ ಮುಗಿದಿರುತ್ತದೆ, ತಿಂಗಳದ್ದು ಆಗಲೂ ನೂರು ರೂಪಾಯಿ ಲಾಭದಲ್ಲಿರುತ್ತದೆ. ಆ ಹೆಚ್ಚುವರಿ ಲೆವರೇಜ್ ನಿಮಗೆ ಸಿಗುವುದು ದಿಕ್ಕಿನ ಮೇಲಲ್ಲ, ದಿನಾಂಕದ ಮೇಲೆ. ಚಾರ್ಟ್‌ನಲ್ಲಿ ಬ್ರೇಕ್‌ಔಟ್ ನೋಡಿ ಕೊಳ್ಳುವವರಲ್ಲಿ ಎಷ್ಟು ಜನರಿಗೆ ಅದು ಇಂಥ ದಿನದೊಳಗೆ ಆಗುತ್ತದೆ ಎಂಬ ಖಚಿತ ಅಭಿಪ್ರಾಯ ಇರುತ್ತದೆ? ಇಲ್ಲದ ಅಭಿಪ್ರಾಯದ ಮೇಲೆ ಲೆವರೇಜ್ ತೆಗೆದುಕೊಳ್ಳುವುದನ್ನು ನಾನು ಧೈರ್ಯ ಎಂದು ಕರೆಯಲಾರೆ.

"ಎಕ್ಸ್‌ಪೈರಿಯಾದರೆ ಮುಂದಿನ ವಾರದ್ದನ್ನು ಕೊಂಡರಾಯಿತು" ಎಂಬುದು ಎರಡನೆಯ ಉತ್ತರ. ಪ್ರೀಮಿಯಂ ದಿನಗಳ ಸಂಖ್ಯೆಗೆ ತಕ್ಕಂತೆ ಏರುವುದಿಲ್ಲ, ಅದರ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನಾಲ್ಕು ಪಟ್ಟು ಕಾಲಕ್ಕೆ ಎರಡು ಪಟ್ಟು ಬೆಲೆ. ಆದ್ದರಿಂದ 7 ದಿನಗಳ ಆಪ್ಶನ್ ಅನ್ನು ನಾಲ್ಕು ಸಲ ಕೊಂಡರೆ ಒಟ್ಟು ಸುಮಾರು 660 ರೂಪಾಯಿ ಕೊಡುತ್ತೀರಿ, 28 ದಿನಗಳದ್ದನ್ನು ಒಮ್ಮೆ ಕೊಂಡರೆ ಸುಮಾರು 330. ಪ್ರತಿ ವಾರ ಹೊಸ ಸ್ಟ್ರೈಕ್ ಸಿಗುತ್ತದೆ ಎಂಬ ಅನುಕೂಲ ಮೊದಲನೆಯದಕ್ಕೆ ಇದೆ, ನಿಜ. ಆದರೆ ಒಂದೇ ದಿಕ್ಕನ್ನು ನಂಬಿ ತಿಂಗಳು ಕಾಯುವವನಿಗೆ ಆ ಅನುಕೂಲದಿಂದ ದುಪ್ಪಟ್ಟು ಖರ್ಚು ಮರಳಿ ಬರುವುದು ಅಪರೂಪ. ನಾಲ್ಕು ಸಲದ ಬ್ರೋಕರೇಜ್ ಬೇರೆ.

ತಿಂಗಳ ಆಪ್ಶನ್‌ಗೂ ತನ್ನದೇ ತೊಂದರೆಗಳಿವೆ. ವೊಲಾಟಿಲಿಟಿ ಶೇಕಡಾ 12ರಿಂದ 11ಕ್ಕೆ ಇಳಿದರೆ ಅದು ಸುಮಾರು 27 ರೂಪಾಯಿ ಕಳೆದುಕೊಳ್ಳುತ್ತದೆ, ವಾರದ್ದು 12. ತಿಂಗಳದ್ದರ ನಾಲ್ಕು ದಿನಗಳ ಥೀಟಾ ಒಂದೇ ಏಟಿಗೆ ಹೋದಂತೆ. ನಿಫ್ಟಿ ಮೇಲೇರುವಾಗ ವೊಲಾಟಿಲಿಟಿ ಸಾಮಾನ್ಯವಾಗಿ ಇಳಿಯುವುದರಿಂದ ಕಾಲ್ ಕೊಂಡವನಿಗೆ ಇದು ನಿಜವಾದ ಹೊರೆ. ಬಜೆಟ್‌ನಂಥ ಘಟನೆಯ ಮುನ್ನಾದಿನ ಉಬ್ಬಿದ ವೊಲಾಟಿಲಿಟಿಯಲ್ಲಿ ತಿಂಗಳ ಕಾಲ್ ಕೊಂಡು, ಮರುದಿನ ನಿಫ್ಟಿ ಏರಿದರೂ ಲಾಭ ಕಾಣದೆ ಕುಳಿತವರಿದ್ದಾರೆ. ಎರಡನೆಯದು, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮಾರುಕಟ್ಟೆ 500 ಪಾಯಿಂಟ್ ಕೆಳಗೆ ತೆರೆದರೆ ಸ್ಟಾಪ್‌ಲಾಸ್ ಕೆಲಸಕ್ಕೆ ಬರುವುದಿಲ್ಲ. ಆಗ ತಿಂಗಳದ್ದರಲ್ಲಿ 190 ರೂಪಾಯಿಯಷ್ಟು ಹೋಗಬಹುದು, ವಾರದ್ದರಲ್ಲಿ 140ಕ್ಕಿಂತ ಹೆಚ್ಚು ಹೋಗಲು ಸಾಧ್ಯವೇ ಇಲ್ಲ. ಹಾಗಾಗಿ ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವವರಿಗೆ, ಅಥವಾ ಒಂದೇ ರಾತ್ರಿಯ ಸುದ್ದಿಯ ಮೇಲೆ ಮಿತಿ ಹಾಕಿಕೊಂಡು ಪಂದ್ಯ ಕಟ್ಟುವವರಿಗೆ ವಾರದ ಎಕ್ಸ್‌ಪೈರಿ ಸೂಕ್ತ ಎಂಬುದನ್ನು ನಾನು ಒಪ್ಪುತ್ತೇನೆ. ಆ ಸಭಾಂಗಣದಲ್ಲಿ ಕುಳಿತಿದ್ದ, ಮಧ್ಯಾಹ್ನವೆಲ್ಲ ಕಚೇರಿಯ ಮೀಟಿಂಗ್‌ನಲ್ಲಿದ್ದು ಸಂಜೆಯಷ್ಟೇ ಫೋನ್ ನೋಡುವ ಹುಡುಗರು ಅಂಥವರಲ್ಲ. ಅವರಲ್ಲಿ ನನ್ನ ಭಾಮೈದನೂ ಒಬ್ಬ, ನನ್ನ ಸಿಟ್ಟಿಗೆ ಅರ್ಧ ಕಾರಣವೂ ಅದೇ.

ಅವನಿಗೆ ಮನೆಯಲ್ಲಿ ಕೂರಿಸಿ ಹೇಳಿದ್ದು ಇಷ್ಟು. ಕೊಳ್ಳುವ ಮುನ್ನ ನಿನ್ನ ಅಂದಾಜು ಯಾವ ದಿನದೊಳಗೆ ನಿಜವಾಗಬೇಕೆಂದು ಬರೆದಿಡು. ಅಷ್ಟು ದಿನಗಳ ಕನಿಷ್ಠ ಎರಡರಷ್ಟು ಕಾಲ ಉಳಿದಿರುವ ಎಕ್ಸ್‌ಪೈರಿಯನ್ನು ಆರಿಸು. ನಿಫ್ಟಿಯಲ್ಲಿ ಮುಂದಿನ ವಾರಗಳ ಎಕ್ಸ್‌ಪೈರಿಗಳೂ ಇರುವುದರಿಂದ ಈ ವಾರ ಇಲ್ಲವೇ ತಿಂಗಳು ಎಂಬ ಎರಡೇ ಆಯ್ಕೆಗೆ ಸಿಕ್ಕಿಕೊಳ್ಳಬೇಕಾಗಿಲ್ಲ, ಆದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಅಂತರ ಹೆಚ್ಚಿದ್ದರೆ ಅದನ್ನು ಬಿಡು. ಬ್ಯಾಂಕ್ ನಿಫ್ಟಿಯಲ್ಲಿ 2024ರ ನವೆಂಬರ್‌ನಿಂದ ವಾರದ ಎಕ್ಸ್‌ಪೈರಿಯೇ ಇಲ್ಲ, ಅಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. ಲಾಟ್‌ಗಳನ್ನು ಪ್ರೀಮಿಯಂ ನೋಡಿ ಎಣಿಸಬೇಡ, ಸ್ಟಾಪ್‌ಲಾಸ್ ತಗುಲಿದರೆ ಹೋಗುವ ರೂಪಾಯಿಯನ್ನು ನೋಡಿ ಎಣಿಸು. ತಿಂಗಳ ಆಪ್ಶನ್ ಕೊಂಡರೂ ಕೊನೆಯವರೆಗೆ ಹಿಡಿದಿಡಬೇಡ. 10 ದಿನ ಉಳಿದಾಗ ನಿಫ್ಟಿ ಇನ್ನೂ ಅಲ್ಲೇ ಇದ್ದರೆ ಅದರ ಥೀಟಾ ದಿನಕ್ಕೆ 10 ರೂಪಾಯಿಗೆ ಬಂದಿರುತ್ತದೆ, ಅಲ್ಲಿಂದಾಚೆ ನೀನು ಕೈಯಲ್ಲಿ ಹಿಡಿದಿರುವುದು ವಾರದ ಆಪ್ಶನ್ ಅನ್ನೇ.