ಅಮ್ಮನಿಗೆ ಹಾಲು ಒಗ್ಗಲ್ಲ, ಮೊಸರು ಒಗ್ಗುತ್ತೆ

ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಹಾಲು ಒಗ್ಗದವರಿಗೆ ಸಾಮಾನು ತರುವುದು ಕಷ್ಟವಲ್ಲ. ಲ್ಯಾಕ್ಟೋಸ್ ಇಲ್ಲದ ಹಾಲು, ಮೊಸರು, ಕೆನೆ ಎಲ್ಲವೂ ಮಾಮೂಲಿ ಹಾಲಿನ ಪಕ್ಕದಲ್ಲೇ ಇರುತ್ತವೆ. ಬಿಸ್ಕತ್ತಿನ ಪೊಟ್ಟಣದ ಮೇಲೆ 'ಹಾಲು' ಎಂಬ ಪದವನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂಬುದು ಯುರೋಪಿನ ಕಾನೂನು. ಆದರೆ ಅದೇ ಕಪಾಟಿನಲ್ಲಿ ಬೆಣ್ಣೆಗೂ, ಹಳೆಯ ಗಟ್ಟಿ ಚೀಸಿಗೂ 'ಲ್ಯಾಕ್ಟೋಸ್ ಇಲ್ಲ' ಅಂತ ಚೀಟಿ ಅಂಟಿಸಿ ಮಾರುತ್ತಾರೆ. ಅವುಗಳಲ್ಲಿ ಮೊದಲಿನಿಂದಲೇ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಚೀಟಿ ನಮ್ಮ ಹೆದರಿಕೆಗೆ, ಹೊಟ್ಟೆಗಲ್ಲ.

ತುಮಕೂರಿನಲ್ಲಿ ಇಂಥ ಕಪಾಟು ಇಲ್ಲ. ಅಮ್ಮನಿಗೆ ಲ್ಯಾಕ್ಟೋಸ್ ಜೀರ್ಣ ಆಗಲ್ಲ ಅಂತ ಡಾಕ್ಟರು ಹೇಳಿದಾಗ, ಅಣ್ಣ ಫೋನ್ ಮಾಡಿ ಏನೇನು ತರಿಸಬೇಕು ಅಂತ ಕೇಳಿದ. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ. ತರಿಸಬೇಕಾದ್ದು ಬಹಳ ಕಮ್ಮಿ. ಮನೆಯಲ್ಲಿರುವುದನ್ನೇ ಯಾವ ಹೊತ್ತಿಗೆ, ಎಷ್ಟು ಅಂತ ಬದಲಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಲ್ಯಾಕ್ಟೋಸ್ ಅಂದರೆ ಹಾಲಿನೊಳಗಿನ ಸಕ್ಕರೆ. 100 ಮಿಲಿ ಹಾಲಿನಲ್ಲಿ ಸುಮಾರು 4.8 ಗ್ರಾಂ ಇರುತ್ತದೆ. ಅದನ್ನು ಒಡೆಯುವ ಕಿಣ್ವ ತುಂಬಾ ಜನರಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿದಾಗ ಗ್ಯಾಸು, ಹೊಟ್ಟೆನುಲಿತ, ಭೇದಿ. ಕಿಣ್ವ ಕಮ್ಮಿ ಆಗಿರುತ್ತದೆಯೇ ಹೊರತು ಪೂರ್ತಿ ಇಲ್ಲದಂತಾಗುವುದು ಅಪರೂಪ. ಹಾಗಾಗಿ ಒಂದೇ ಸಲಕ್ಕೆ ಎಷ್ಟು ಹೋಯಿತು ಅನ್ನುವುದೇ ಲೆಕ್ಕ. ಹಾಲಿನ ಅಲರ್ಜಿಯೇ ಬೇರೆ. ಅದು ಪ್ರೋಟೀನಿನ ಸಮಸ್ಯೆ, ಅಲ್ಲಿ ಒಂದು ಚಮಚವೂ ಅಪಾಯ ಆಗಬಹುದು. ಅಂಥವರಿಗೆ ನಾನಿಲ್ಲಿ ಹೇಳುವ ಯಾವುದೂ ಸಲ್ಲದು.

ಪಕ್ಕದ ಮನೆಯವರು ಬಂದು, "ನಾಟಿ ಹಸೀನ ಹಾಲು ತರ್ಸಮ್ಮ, ಏನೂ ಆಗಲ್ಲ" ಅಂದರಂತೆ. ಆಗುತ್ತೆ. ನಾಟಿ ಹಸುವಿನ ಹಾಲಿನಲ್ಲಿ ಬೇರೆಯಾಗುವುದು ಪ್ರೋಟೀನಿನ ಬಗೆ, ಸಕ್ಕರೆಯಲ್ಲ. ಎಮ್ಮೆ ಹಾಲು, ಮೇಕೆ ಹಾಲಿನಲ್ಲೂ ಲ್ಯಾಕ್ಟೋಸ್ ಹೆಚ್ಚುಕಮ್ಮಿ ಅಷ್ಟೇ. ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ.

ಅಮ್ಮನ ದಿನ ಹೀಗಿತ್ತು. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಕಾಫಿ, ಅದಕ್ಕೆ 100 ಮಿಲಿ ಹಾಲು, ಅಂದರೆ 5 ಗ್ರಾಂ. ಸ್ವಲ್ಪ ಹೊತ್ತಿಗೆ ದೊಡ್ಡ ಲೋಟ ರಾಗಿ ಮಾಲ್ಟ್, ಅದರಲ್ಲಿ ಸುಮಾರು 10 ಗ್ರಾಂ. ಮಧ್ಯಾಹ್ನ ಮೊಸರನ್ನ. ರಾತ್ರಿ ಮಲಗುವ ಮುಂಚೆ ಒಂದು ಲೋಟ ಹಾಲು, ಮತ್ತೆ 10. ಹೊಟ್ಟೆ ಕೆಡುತ್ತಿದ್ದದ್ದು ಬೆಳಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಮಲಗಿದ ಮೇಲೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಪ್ರಕಾರ ಇಂಥವರಲ್ಲಿ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂ ತನಕ ತಡೆದುಕೊಳ್ಳುತ್ತಾರೆ. ಬೆಳಗ್ಗೆ ಅಮ್ಮನದು 15 ಆಗುತ್ತಿತ್ತು. ರಾತ್ರಿ 10ಕ್ಕೇ ತೊಂದರೆ ಆದದ್ದು ನೋಡಿದರೆ ಅವರ ಮಿತಿ ಇನ್ನೂ ಕೆಳಗಿದೆ ಅಂತಾಯ್ತು.

ಕಾಫಿ ಬಿಡಿ ಅಂದರೆ ಅಮ್ಮ ನನ್ನನ್ನೇ ಬಿಡುತ್ತಾರೆ. ಅದನ್ನು ಉಳಿಸಿಕೊಂಡು ತಿಂಡಿಯ ನಂತರಕ್ಕೆ ತಳ್ಳಿದೆವು. ಹೊಟ್ಟೆಯಲ್ಲಿ ಬೇರೆ ಆಹಾರ ಇದ್ದಾಗ ಹಾಲು ನಿಧಾನವಾಗಿ ಕರುಳಿಗೆ ಇಳಿಯುತ್ತದೆ, ಇರುವಷ್ಟು ಕಿಣ್ವಕ್ಕೆ ಸಮಯ ಸಿಗುತ್ತದೆ. ಮಾಲ್ಟ್ ಹೋಗಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಬಂತು. ರಾತ್ರಿಯ ಲೋಟಕ್ಕೆ ಮಾತ್ರ ಲ್ಯಾಕ್ಟೋಸ್ ಇಲ್ಲದ ಹಾಲು. ಹತ್ತು ಗಂಟೆಯ ಓಡಾಟ ಕೆಲವೇ ದಿನದಲ್ಲಿ ನಿಂತಿತು.

ಮೊಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಪ್ಪು ಹಾಕಿದ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ತಿಂದೇ ಹುಳಿ ಮಾಡುವುದು. ಕಾಲು ಭಾಗದಷ್ಟು ಹಾಗೇ ಕಮ್ಮಿಯಾಗುತ್ತದೆ. ಉಳಿದದ್ದನ್ನು ಹೊಟ್ಟೆಗೆ ಹೋದ ಮೇಲೂ ಒಡೆಯಲು ಅದೇ ಬ್ಯಾಕ್ಟೀರಿಯಾ ನೆರವಾಗುತ್ತದೆ. ಆದ್ದರಿಂದ ಒಗ್ಗದವರಿಗೆ ಬೇಕಾದದ್ದು ಚೆನ್ನಾಗಿ ಹುಳಿ ಬಂದ ಮೊಸರು. ಆಗ ತಾನೇ ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿಗೆ ಸೇರಿಸಿದರೆ ಬಾಯಿಗೆ ಸಿಹಿ, ಹೊಟ್ಟೆಗೆ ಅಷ್ಟು ಹಿತವಲ್ಲ. ಮಜ್ಜಿಗೆ ಹುಳಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆ ನೆರವೂ ಹೋಗುತ್ತದೆ. ಆದರೂ ಒಂದು ಸೌಟಿನಲ್ಲಿ ಇರುವ ಮೊಸರು ಎಷ್ಟು, ಅಲ್ವಾ? ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಮೊಸರನ್ನಕ್ಕೆ. ಹುಳಿ ಬರಬಾರದು ಅಂತ ನಮ್ಮ ಕಡೆ ಅನ್ನಕ್ಕೆ ಮೊದಲು ಹಾಲು ಸುರಿದು, ಮೇಲೆ ಎರಡು ಚಮಚ ಮೊಸರು ಕಲಸುತ್ತಾರೆ. ಅಮ್ಮ ಮಾಡುತ್ತಿದ್ದದ್ದೂ ಹಾಗೇ. ಹೋಟೆಲಿನಲ್ಲೂ, ಮದುವೆ ಮನೆಯಲ್ಲೂ ಸಾಮಾನ್ಯವಾಗಿ ಇದೇ ಕತೆ. "ಮೊಸರು ತಿಂದ್ರೂ ನಂಗೆ ಆಗಲ್ಲ" ಅನ್ನುವವರು ಮೊದಲು ಆ ಮೊಸರನ್ನದಲ್ಲಿ ಹಾಲೆಷ್ಟಿತ್ತು ಅಂತ ಕೇಳಲಿ.

ಇನ್ನು ಕೊಳ್ಳುವ ಸಾಮಾನು. ಲ್ಯಾಕ್ಟೋಸ್ ಇಲ್ಲದ ಹಾಲು ತುಮಕೂರಿನ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಆದರೆ ಟೆಟ್ರಾ ಪ್ಯಾಕ್ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಟ್ಟಿಗೆ ತರಿಸಿಟ್ಟುಕೊಳ್ಳಬಹುದು. ಅದೂ ಹಸುವಿನ ಹಾಲೇ, ಕಿಣ್ವ ಬೆರೆಸಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ ಅಷ್ಟೆ. ಹಾಗಾಗಿ ಸ್ವಲ್ಪ ಸಿಹಿ ಜಾಸ್ತಿ. ಕಾಫಿಗೆ ಸಕ್ಕರೆ ಕಮ್ಮಿ ಹಾಕಬಹುದು. ಒಟ್ಟು ಸಕ್ಕರೆ ಮಾತ್ರ ಕಮ್ಮಿಯಾಗಿಲ್ಲ ಅನ್ನುವುದು ಶುಗರ್ ಇರುವವರಿಗೆ ನೆನಪಿರಲಿ.

ಬಾದಾಮಿ ಪೇಯಕ್ಕೆ ನಾನು ದುಡ್ಡು ಹಾಕುವುದಿಲ್ಲ. ಲೀಟರಿಗೆ ಅಷ್ಟು ಬೆಲೆ ಕೊಟ್ಟು ತಂದರೆ ಒಳಗೆ ಹೆಚ್ಚಿನದೆಲ್ಲ ನೀರು, ಪ್ರೋಟೀನ್ ಹೆಸರಿಗಷ್ಟೇ. ಪ್ರೋಟೀನಿನಲ್ಲಿ ಹಾಲಿಗೆ ಹತ್ತಿರ ಬರುವುದು ಸೋಯಾ. ಸಕ್ಕರೆ ಹಾಕದ, ಕ್ಯಾಲ್ಸಿಯಂ ಸೇರಿಸಿದ್ದನ್ನೇ ನೋಡಿ ತನ್ನಿ. ಆ ಕ್ಯಾಲ್ಸಿಯಂ ತಳದಲ್ಲಿ ಕೂತಿರುತ್ತದೆ, ಕುಲುಕದೆ ಬಗ್ಗಿಸಿದರೆ ನಮಗೆ ಬರುವುದಿಲ್ಲ. ಸೋಯಾ ಬಿಸಿ ಡಿಕಾಕ್ಷನ್‌ಗೆ ಒಡೆಯುತ್ತದೆ. ಮೊದಲು ಸೋಯಾ ಬೆಚ್ಚಗೆ ಮಾಡಿ ಲೋಟಕ್ಕೆ ಹಾಕಿ, ಮೇಲಿಂದ ಡಿಕಾಕ್ಷನ್ ನಿಧಾನ ಬಿಟ್ಟರೆ ಒಡೆಯುವುದು ಕಮ್ಮಿ. ರುಚಿ? ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

ನಮ್ಮಲ್ಲೇ ಇರುವ ಬದಲಿ ಅಂದರೆ ಕಾಯಿಹಾಲು. ತಿಪಟೂರಿನ ಕಾಯಿ ಮನೆಯಲ್ಲಿರುವಾಗ ಶಾವಿಗೆಗೆ, ಪಾಯಸಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಮ್ಮಿ. ಹಾಲು ಬಿಟ್ಟವರ ಮೂಳೆಗೆ ರಾಗಿಯೇ ಗತಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುಮಾರು ಕ್ಯಾಲ್ಸಿಯಂ ಇದೆ.

ತುಪ್ಪ ಧಾರಾಳವಾಗಿ ಹಾಕಿಕೊಳ್ಳಬಹುದು. ಒಬ್ಬಟ್ಟಿಗೆ ಹಾಲು ಸುರಿದುಕೊಳ್ಳುವ ಬದಲು ತುಪ್ಪ ಅಥವಾ ಕಾಯಿಹಾಲು ಸಾಕು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಯ ಮೇಲೆ ಹಾಕಿಕೊಡುವ ಬೆಣ್ಣೆಯೂ ಪರವಾಗಿಲ್ಲ. ಖೋವಾ ಹಾಗಲ್ಲ. ಹಾಲಿನ ನೀರೆಲ್ಲ ಇಂಗಿಸಿದಾಗ ಲ್ಯಾಕ್ಟೋಸ್ ಅಲ್ಲೇ ಉಳಿದು ಗಟ್ಟಿಯಾಗುತ್ತದೆ, ಪೇಡ ತಿಂದರೂ ಹಾಲು ಕುಡಿದಂತೆಯೇ ಲೆಕ್ಕ ಇಡುವುದು ಲೇಸು. ಪನೀರಿನಲ್ಲಿ ಲ್ಯಾಕ್ಟೋಸ್ ನೀರಿನ ಜೊತೆ ಬಹುಪಾಲು ಇಳಿದುಹೋಗಿರುತ್ತದೆ. ಆ ನೀರನ್ನು ಚೆಲ್ಲಲು ಮನಸ್ಸು ಬಾರದೆ ಚಪಾತಿ ಹಿಟ್ಟು ಕಲಸಿದರೆ ಅದೆಲ್ಲ ವಾಪಸ್ ತಟ್ಟೆಗೆ ಬರುತ್ತದೆ. ಪೊಟ್ಟಣದ ತಿಂಡಿಗಾದರೆ ಹಾಲಿನ ಪುಡಿ, ಇಂಥದ್ದೇ ನೀರನ್ನು ಒಣಗಿಸಿ ಮಾಡಿದ ವೇ ಪುಡಿ ಅಂತ ಓದಿಕೊಳ್ಳಬಹುದು. ಬೇಕರಿಯ ಬನ್ನಿಗೆ ಚೀಟಿ ಇಲ್ಲ, ಮಾಡಿದವರನ್ನೇ ಕೇಳಬೇಕು. ನಮ್ಮ ಬೀದಿಯ ಬೇಕರಿಯವರು ಕೇಳಿದರೆ ಹೇಳುತ್ತಾರೆ, ಜರ್ಮನಿಯಲ್ಲಿ ಬೇಕರಿಯ ಹುಡುಗಿ ಒಳಗೆ ಹೋಗಿ ಫೈಲು ತೆಗೆದು ನೋಡಿ ಬರುತ್ತಾಳೆ.