ರಕ್ತ ಕಂಡರೆಲ್ಲ ಪೈಲ್ಸ್ ಅಲ್ಲ ಮಾರಾಯ್ರೆ

ಈಗಷ್ಟೇ ಮೆಡಿಕಲ್ ಶಾಪ್‌ನಲ್ಲಿ ಒಬ್ಬ ಹುಡುಗ ಗುಟ್ಟು ಹೇಳುವವನಂತೆ ಬಗ್ಗಿ, "ಪೈಲ್ಸ್ ಮುಲಾಮು ಕೊಡಿ, ಮೋಷನ್‌ಗೆ ಹೋದರೆ ಗಾಜು ಕುಯ್ದ ಹಾಗೆ ಉರಿ, ರಕ್ತ" ಅಂದ. ಅಂಗಡಿಯವರು ಒಂದು ಟ್ಯೂಬ್ ಕೊಟ್ಟರು. ಮುಗಿಯಿತು.

ನನಗೆ ಪಿತ್ತ ನೆತ್ತಿಗೇರಿತು. ಯಾಕೆಂದರೆ ಎರಡು ವರ್ಷದ ಹಿಂದೆ ಆ ಹುಡುಗ ನಾನೇ. ಹೌದು, ಇದನ್ನೂ ಇಲ್ಲೇ ಒಪ್ಪಿಕೊಳ್ಳುತ್ತಿದ್ದೇನೆ, ನಗುವವರು ನಗಲಿ.

ಒಳಗಿನ ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಬರುತ್ತದೆ. ಗಟ್ಟಿ ಮಲ ಇಳಿಯುವಾಗ ಕುಯ್ದಂತಾಗಿ, ಆಮೇಲೂ ಗಂಟೆಗಟ್ಟಲೆ ಉರಿದು, ಕೆಂಪು ರಕ್ತ ನಾಲ್ಕು ಹನಿ ಬಿದ್ದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಗುದದ್ವಾರದ ಚರ್ಮದಲ್ಲಿ ಬಿದ್ದ ಸೀಳು. ನೋವಿಗೆ ಒಳಗಿನ ಸ್ನಾಯು ಬಿಗಿಯುತ್ತದೆ. ಬಿಗಿದರೆ ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ತಡೆದುಕೊಂಡರೆ ಮಲ ಇನ್ನೂ ಗಟ್ಟಿಯಾಗಿ ಅದೇ ಸೀಳನ್ನು ಮತ್ತೆ ಹರಿಯುತ್ತದೆ.

"ಮುಲಾಮು ಎಲ್ಲಾ ಒಂದೇ ಅಲ್ವಾ, ತಂಪಾದರೆ ಸಾಕು" ಅನ್ನುತ್ತೀರಿ. ತಂಪಾಗುತ್ತದೆ, ನಿಜ. ಮರಗಟ್ಟಿಸುವ ಲಿಗ್ನೋಕೇನ್ ಹಚ್ಚಿಕೊಂಡು ನಾನೂ ಎರಡು ತಿಂಗಳು ತಂಪಾಗಿಯೇ ಇದ್ದೆ. ಸ್ನಾಯು ಮಾತ್ರ ಬಿಗಿದೇ ಇತ್ತು! ಸ್ಟೀರಾಯ್ಡ್ ಇರುವ ಪೈಲ್ಸ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಅಲ್ಲಿನ ಚರ್ಮ ತೆಳುವಾಗುವುದು ಬೇರೆ.

ಕೊನೆಗೆ ಡಾಕ್ಟರ್ ನೋಡಿ, ಸ್ನಾಯು ಸಡಿಲಿಸುವ ಮುಲಾಮು ಬರೆದರು. ಮೊದಲು ನೈಟ್ರೋಗ್ಲಿಸರಿನ್. ಹಚ್ಚಿದಾಗಲೆಲ್ಲ ತಲೆ ಸಿಡಿಯುತ್ತಿತ್ತು. (ಹಚ್ಚಿದ್ದೆಲ್ಲಿ, ನೋವು ಬಂದದ್ದೆಲ್ಲಿ!) ಆಮೇಲೆ 2% ಡಿಲ್ಟಿಯಾಜೆಮ್‌ಗೆ ಬದಲಾಯಿಸಿದರು: ದಿನಕ್ಕೆರಡು ಸಲ, ಕಡಲೆಕಾಳಿನಷ್ಟು, 8 ವಾರ. ಜೊತೆಗೆ ದಿನಕ್ಕೆ ಎರಡು ಮೂರು ಸಲ ಬೆಚ್ಚನೆಯ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂರುವುದು.

ಇದೆಲ್ಲ ಇದ್ದರೂ ಮಲ ಮೆತ್ತಗಾಗದಿದ್ದರೆ ಮುಲಾಮು ದಂಡ. ರಾತ್ರಿ ಇಸಬ್ಗೋಲ್, ಒಂದು ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಅದೇ ಒಳಗೆ ಗಟ್ಟಿಯಾಗಿ ಕೂರುತ್ತದೆ. ಅದು ಸಾಲದ ದಿನ ಲ್ಯಾಕ್ಟುಲೋಸ್ ಸಿರಪ್. ಮೂರನೇ ವಾರ ನೋವು ಹೋಯಿತು ಅಂತ ಶೂರನಂತೆ ಎಲ್ಲ ನಿಲ್ಲಿಸಿದೆ. ನಾಲ್ಕನೇ ದಿನ ಒಂದು ಗಟ್ಟಿ ಮಲ, ಮತ್ತೆ ಅದೇ ಕೆಂಪು ಹನಿ. ನೋವು ಹೋಗುವುದೇ ಬೇರೆ, ಗಾಯ ಮಾಯುವುದೇ ಬೇರೆ ಅಂತ ಆಮೇಲೆ ಗೊತ್ತಾಯಿತು.

"ಹೊಸ ಸೀಳು ಮುಲಾಮಿಲ್ಲದೆಯೂ ಮಾಯುತ್ತೆ" ಅಂತ ಯಾರೋ ಬರೀತೀರಿ, ಗೊತ್ತು. ಮಾಯುತ್ತೆ, ಮಲ ಮೆತ್ತಗಿದ್ದರೆ. ಆದರೆ ಆರು ವಾರ ದಾಟಿದ್ದಕ್ಕೆ, ಪಕ್ಕದಲ್ಲಿ ಚರ್ಮದ ಗಂಟು ಬೆಳೆದದ್ದಕ್ಕೆ ಡಾಕ್ಟರ್ ಕಣ್ಣು ಬೇಕೇ ಬೇಕು. ರಕ್ತ ಕಪ್ಪಗಿದ್ದರೆ, ಮಲದಲ್ಲಿ ಬೆರೆತು ಬಂದರೆ, ತೂಕ ಇಳಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ.

ಆ ಹುಡುಗನ ಹಿಂದೆಯೇ ಹೋಗಿ, "ಇಸಬ್ಗೋಲ್ ತಗೊಂಡ್ರಾ?" ಅಂದೆ. ಫೋನ್ ಬಂದವನಂತೆ ಕಿವಿಗಿಟ್ಟುಕೊಂಡು ಓಡಿಯೇ ಬಿಟ್ಟ.